ಗಾಳಿ ನಿಂತ ಹೊತ್ತಿಗೆ ಕಿಟಕಿ ಎಷ್ಟಿರಬೇಕು?

ಮಾರ್ಚ್ ತಿಂಗಳಲ್ಲಿ ಕರಾವಳಿಯ ಯಾವುದೇ ಶಾಲೆಗೆ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಹೋಗಿ ನೋಡಿ. ರಾತ್ರಿಯಿಡೀ ನೆಲದಿಂದ ಕಡಲಿನತ್ತ ಬೀಸಿದ ಗಾಳಿ ಅಷ್ಟರಲ್ಲಿ ಸತ್ತಿರುತ್ತದೆ. ಕಡಲಿನಿಂದ ನೆಲದತ್ತ ಬೀಸಬೇಕಾದ ಗಾಳಿ ಇನ್ನೂ ಎದ್ದಿರುವುದಿಲ್ಲ. ಈ ಎರಡರ ನಡುವಿನ ಒಂದೆರಡು ಗಂಟೆ ತೆಂಗಿನ ಗರಿಯೂ ಅಲ್ಲಾಡುವುದಿಲ್ಲ. ಪರೀಕ್ಷೆಯ ದಿನಗಳು ಬೇರೆ. ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಕೂತು ಬರೆಯುತ್ತಿರುತ್ತಾರೆ, ಬೆವರಿನ ಕೈ ತಾಗಿ ಉತ್ತರಪತ್ರಿಕೆ ಒದ್ದೆಯಾಗುತ್ತಿರುತ್ತದೆ.

ಶಾಲೆ ಕಟ್ಟುವವರನ್ನು ಕೇಳಿದರೆ “ಕಿಟಕಿ ಇಟ್ಟಿದ್ದೇವಲ್ಲ” ಎನ್ನುತ್ತಾರೆ. ನಿಜ, ಇಟ್ಟಿರುತ್ತಾರೆ. ಆದರೆ ಆ ಕಿಟಕಿಯ ಅಳತೆ ಎಲ್ಲಿಂದ ಬಂತು? ಬಹಳಷ್ಟು ಸಲ ಹಿಂದಿನ ಕಟ್ಟಡದ ನಕ್ಷೆಯಿಂದ, ಇಲ್ಲವೇ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಚೌಕಟ್ಟಿನಿಂದ. ಕಿಟಕಿಯ ಅಳತೆಯನ್ನು ಲೆಕ್ಕ ಹಾಕಿ ತೆಗೆಯಲು ಬರುತ್ತದೆ. ಲೆಕ್ಕವೂ ಕಷ್ಟದ್ದಲ್ಲ, ಪ್ರೌಢಶಾಲೆಯ ಗಣಿತ ಸಾಕು. ಒಂದು ತರಗತಿಯನ್ನು ಹಿಡಿದು ಅದನ್ನು ಕೊನೆಯವರೆಗೆ ಮಾಡಿ ನೋಡೋಣ.

ಉಸಿರಿಗೆ ಸ್ವಲ್ಪ, ಸೆಕೆಗೆ ಬಹಳ

ನಮ್ಮ ಕೋಣೆ 8 ಮೀಟರ್ ಉದ್ದ, 6 ಮೀಟರ್ ಅಗಲ, 3.6 ಮೀಟರ್ ಎತ್ತರ ಇರಲಿ. ಆರ್‌ಸಿಸಿ ಚಾವಣಿ, ಎರಡೂ ಉದ್ದದ ಗೋಡೆಗಳು ಹೊರಗಾಳಿಗೆ ತೆರೆದಿವೆ, ಒಂದು ಕಡೆ ಜಗಲಿ ಇದೆ. ಒಳಗೆ 40 ಮಕ್ಕಳು, ಒಬ್ಬ ಶಿಕ್ಷಕಿ. ಈ ಕೋಣೆಗೆ ನಿಮಿಷಕ್ಕೆ ಎಷ್ಟು ಹೊರಗಾಳಿ ಬೇಕು ಎಂಬುದು ಮೊದಲ ಪ್ರಶ್ನೆ.

ಇದಕ್ಕೆ ಉತ್ತರ ಒಂದಲ್ಲ, ಎರಡು. ಮೊದಲನೆಯದು ಉಸಿರಿನ ಲೆಕ್ಕ. ಜನರಿರುವ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರಕ್ಕೆ ಒಂದು ಪಾಲು ಮೀರಬಾರದು ಎಂದು ಮ್ಯೂನಿಕ್‌ನ ಪೆಟೆನ್‌ಕೋಫರ್ 1858ರಲ್ಲೇ ಹೇಳಿದರು. ಇವತ್ತಿಗೂ ಆ ಗೆರೆ ಹೆಚ್ಚು ಕಡಿಮೆ ಅಲ್ಲೇ ಇದೆ. ಅದನ್ನು ದಾಟದಿರಲು ಒಬ್ಬೊಬ್ಬರಿಗೆ ಸೆಕೆಂಡಿಗೆ ಸುಮಾರು 8 ಲೀಟರ್ ಹೊರಗಾಳಿ ಬೇಕು. 41 ಜನಕ್ಕೆ ನಿಮಿಷಕ್ಕೆ ಸುಮಾರು 20 ಘನ ಮೀಟರ್ ಆಯಿತು.

ಎರಡನೆಯದು ಸೆಕೆಯ ಲೆಕ್ಕ. ಸುಮ್ಮನೆ ಕೂತ ಮಗುವಿನ ಮೈಯಿಂದಲೂ ಸುಮಾರು 60 ವ್ಯಾಟ್ ಬಿಸಿ ಸುತ್ತಲ ಗಾಳಿಗೆ ಸೇರುತ್ತಿರುತ್ತದೆ. ಕೋಣೆಯ ಎಲ್ಲರದ್ದೂ ಸೇರಿದರೆ ಎರಡೂವರೆ ಕಿಲೊವಾಟ್. ಬಿಸಿಲಿಗೆ ಕಾದ ಬರಿಯ ಸ್ಲ್ಯಾಬ್ ಮೇಲಿನಿಂದ ಇನ್ನೊಂದೂವರೆ ಕಿಲೊವಾಟ್ ಸುರಿಯುತ್ತದೆ ಎಂದು ಹಿಡಿಯೋಣ. ಒಟ್ಟು ನಾಲ್ಕು. ಈ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಕೆಲಸವೂ ಗಾಳಿಯದ್ದೇ. ಒಂದು ಕಿಲೊವಾಟ್ ಬಿಸಿಯನ್ನು ಸಾಗಿಸುವಾಗ ಗಾಳಿ ಒಂದೇ ಡಿಗ್ರಿ ಬಿಸಿಯಾಗಬೇಕಿದ್ದರೆ ನಿಮಿಷಕ್ಕೆ 52 ಘನ ಮೀಟರ್ ಗಾಳಿ ಹರಿಯಬೇಕು. ಕೋಣೆ ಹೊರಗಿಗಿಂತ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದು ನಾವು ನಿಶ್ಚಯಿಸಿದರೆ, ನಾಲ್ಕು ಕಿಲೊವಾಟ್‌ಗೆ ನಿಮಿಷಕ್ಕೆ 104 ಘನ ಮೀಟರ್ ಬೇಕಾಗುತ್ತದೆ.

20 ಎಲ್ಲಿ, 104 ಎಲ್ಲಿ! ಸೆಕೆ ಹೊರಹಾಕಲು ಬೇಕಾದ ಗಾಳಿ ಉಸಿರಾಟಕ್ಕೆ ಬೇಕಾದ ಗಾಳಿಯ ಐದು ಪಟ್ಟು. ಚಳಿ ದೇಶದ ಶಾಲೆಗೆ ಮೊದಲ ಲೆಕ್ಕ ಮುಖ್ಯ, ನಮ್ಮಂಥ ಬಿಸಿ ನಾಡಿನ ಶಾಲೆಗೆ ಎರಡನೆಯದು. ಚಳಿ ದೇಶದ ಕಿಟಕಿಯ ಅಳತೆಯನ್ನು ಇಲ್ಲಿಗೆ ತಂದರೆ ಅದು ಸಾಕಾಗದಿರುವುದಕ್ಕೆ ಇದೇ ಕಾರಣ.

ಗಾಳಿಯನ್ನು ತಳ್ಳುವ ಎರಡು ಬಲಗಳು

ಫ್ಯಾನಿಲ್ಲದೆ ಗಾಳಿ ಕೋಣೆಯೊಳಗೆ ಬಂದು ಹೋಗುವುದಕ್ಕೆ ಎರಡು ಬಲಗಳಿವೆ. ಒಂದು ಬೀಸುವ ಗಾಳಿಯ ಒತ್ತಡ. ಗಾಳಿಗೆ ಎದುರಾದ ಗೋಡೆಯ ಮೇಲೆ ಒತ್ತಡ ಹೆಚ್ಚು, ಮರೆಯ ಗೋಡೆಯ ಮೇಲೆ ಕಡಿಮೆ. ಎರಡೂ ಕಡೆ ಕಿಂಡಿ ಇದ್ದರೆ ಗಾಳಿ ಇಲ್ಲಿಂದ ನುಗ್ಗಿ ಅಲ್ಲಿಂದ ಹೊರಡುತ್ತದೆ. ಭಾರತದ ಮಾನಕ ಸಂಹಿತೆಯಲ್ಲಿ ಇದಕ್ಕೊಂದು ಸರಳ ಸೂತ್ರವಿದೆ:

```
Q = K × A × V
```

Q ಎಂದರೆ ಹರಿಯುವ ಗಾಳಿ, A ಎಂದರೆ ಒಳಬರುವ ಕಿಂಡಿಗಳ ಬಯಲು ವಿಸ್ತೀರ್ಣ, V ಎಂದರೆ ಗಾಳಿಯ ವೇಗ. ಗಾಳಿ ನೇರವಾಗಿ ಕಿಟಕಿಗೆ ಬಡಿದರೆ K 0.6, ಓರೆಯಾಗಿ ಬಂದರೆ 0.3. ಗಾಳಿ ನಮ್ಮ ಗೋಡೆಯನ್ನು ನೋಡಿಕೊಂಡು ಬೀಸುವುದಿಲ್ಲವಾದ್ದರಿಂದ 0.3 ಹಿಡಿಯುವುದೇ ಕ್ಷೇಮ.

ಇನ್ನೊಂದು ಬಲ ಬಿಸಿಯದ್ದು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮೇಲೆ ಕಿಂಡಿ ಇದ್ದರೆ ಹೊರಹೋಗುತ್ತದೆ, ಆ ಜಾಗ ತುಂಬಲು ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಒಳಬರುವ ಮತ್ತು ಹೊರಹೋಗುವ ಕಿಂಡಿಗಳು ಒಂದೇ ಅಳತೆಯವಾಗಿದ್ದರೆ ಸೂತ್ರ ಹೀಗೆ:

```
Q = 7 × A × √(h × ΔT)
```

ಇಲ್ಲಿ Q ನಿಮಿಷಕ್ಕೆ ಘನ ಮೀಟರ್‌ಗಳಲ್ಲಿ, A ಚದರ ಮೀಟರ್‌ಗಳಲ್ಲಿ ಒಳಬರುವ ಕಿಂಡಿಯ ಬಯಲು. h ಕೆಳಗಿನ ಕಿಟಕಿಯ ನಡುವಿನಿಂದ ಮೇಲಿನ ಕಿಂಡಿಯ ನಡುವಿನವರೆಗಿನ ಎತ್ತರ, ΔT ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸ. ಸೂತ್ರದೊಳಗಿನ ವರ್ಗಮೂಲವನ್ನು ಗಮನಿಸಿ. ಕಿಂಡಿಯ ವಿಸ್ತೀರ್ಣವನ್ನು ಇಮ್ಮಡಿ ಮಾಡಿದರೆ ಗಾಳಿಯೂ ಇಮ್ಮಡಿ ಆಗುತ್ತದೆ. ಎತ್ತರವನ್ನು ಇಮ್ಮಡಿ ಮಾಡಿದರೆ ಸುಮಾರು ಒಂದೂಕಾಲು, ಒಂದೂವರೆ ಪಟ್ಟಿನ ನಡುವೆ ನಿಲ್ಲುತ್ತದೆ. ಎತ್ತರ ಒಳ್ಳೆಯದೇ, ಆದರೆ ಕಿಂಡಿ ಚಿಕ್ಕದಿದ್ದರೆ ಎತ್ತರ ಅದನ್ನು ಸರಿದೂಗಿಸುವುದಿಲ್ಲ.

ಗಾಳಿ ಬೀಸುವಾಗ ಮೊದಲ ಬಲ ಸಾಮಾನ್ಯವಾಗಿ ಎರಡನೆಯದಕ್ಕಿಂತ ದೊಡ್ಡದು. ಗಾಳಿ ನಿಂತಾಗ ಉಳಿಯುವುದು ಎರಡನೆಯದೊಂದೇ. ಬೀಸುವ ಗಾಳಿಯನ್ನೇ ನಂಬಿ ಕಿಟಕಿ ಇಟ್ಟ ಕೋಣೆ ನಡುಮಧ್ಯಾಹ್ನ ಹಿತವಾಗಿದ್ದು, ಬೆಳಗ್ಗೆ ಹತ್ತೂವರೆಗೆ ಒಲೆಯಾಗುತ್ತದೆ. ಹಾಗಾಗಿ ಕಿಂಡಿಯ ಅಳತೆಯನ್ನು ಗಾಳಿ ನಿಂತ ಹೊತ್ತಿಗೆ ತೆಗೆಯಬೇಕು, ಆಮೇಲೆ ಬೀಸುವ ಹೊತ್ತಿಗೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು.

ಈಗಿರುವ ಕೋಣೆ

ಹೊಸದನ್ನು ಕಟ್ಟುವ ಮೊದಲು ಎಲ್ಲೆಡೆ ಕಾಣುವ ಕೋಣೆಯನ್ನು ನೋಡಿ. ಒಂದೊಂದು ಗೋಡೆಗೆ ಎರಡೆರಡು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಒಂದೊಂದೂ 1.2 ಮೀಟರ್ ಚೌಕ. ಹೊರಗಿನಿಂದ ನೋಡಿದರೆ ಆರು ಚದರ ಮೀಟರ್‌ಗೆ ಹತ್ತಿರದ ಕಿಟಕಿ ಕಾಣುತ್ತದೆ. ಆದರೆ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಪಲಕ ಇನ್ನೊಂದರ ಹಿಂದೆ ಸರಿಯುತ್ತದೆ. ತೆರೆಯುವುದು ಅರ್ಧ ಮಾತ್ರ. ನಾಲ್ಕು ಕಿಟಕಿಗಳ ನಿಜವಾದ ಬಯಲು ಮೂರು ಚದರ ಮೀಟರ್‌ಗೂ ಕಡಿಮೆ. ಜೊತೆಗೆ ನಾಲ್ಕೂ ಒಂದೇ ಎತ್ತರದಲ್ಲಿವೆ. ಗಾಳಿ ನಿಂತಾಗ ಒಂದೇ ಕಿಟಕಿಯ ಕೆಳ ಅರ್ಧದಲ್ಲಿ ತಂಪು ಗಾಳಿ ಒಳಬಂದು ಮೇಲಿನ ಅರ್ಧದಲ್ಲಿ ಬಿಸಿ ಗಾಳಿ ಹೊರಹೋಗಬೇಕು. ಹೀಗೆ ಒಂದೇ ಬಾಯಿಯಲ್ಲಿ ಒಳಗೂ ಹೊರಗೂ ನಡೆಯುವ ಹರಿವು ತೀರಾ ದುರ್ಬಲ.

ಇದರ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 20 ಘನ ಮೀಟರ್ ಗಾಳಿ ಹರಿಯುತ್ತದೆ. ಅದೂ ಕೋಣೆ ಹೊರಗಿಗಿಂತ ಒಂಬತ್ತು, ಹತ್ತು ಡಿಗ್ರಿ ಬಿಸಿಯಾದ ಮೇಲೆ. ವಾಸ್ತವದಲ್ಲಿ ಗೋಡೆ, ನೆಲ ಸ್ವಲ್ಪ ಬಿಸಿ ನುಂಗುತ್ತವೆ, ಮೈ ಬೆವರಿ ಇನ್ನಷ್ಟು ಕಳೆಯುತ್ತದೆ, ಆದ್ದರಿಂದ ಕೋಣೆ ಅಷ್ಟು ಏರಲಾರದು. ಆದರೆ ಲೆಕ್ಕ ಹೇಳುವ ಸಂಗತಿ ಸ್ಪಷ್ಟವಾಗಿದೆ. ಈ ಕಿಟಕಿಗಳು ಮಕ್ಕಳ ಉಸಿರಿಗೆ ಸಾಕು, ಸೆಕೆಗೆ ಸಾಲವು.

ಕಿಂಡಿಗಿಂತ ಮೊದಲು ಚಾವಣಿ

ಈಗ ನಮ್ಮ ಕೋಣೆಗೆ ಬೇಕಾದ ಕಿಂಡಿಯನ್ನು ತೆಗೆಯೋಣ. ಕೆಳಗಿನ ಕಿಟಕಿಯ ನಡು ನೆಲದಿಂದ ಸುಮಾರು 1 ಮೀಟರ್, ಮೇಲಿನ ಗಾಳಿಕಿಂಡಿಯ ನಡು ಸುಮಾರು 3 ಮೀಟರ್ ಎತ್ತರದಲ್ಲಿರಲಿ. h ಎರಡು ಮೀಟರ್. ΔT ನಾವು ಒಪ್ಪಿದ ಎರಡು ಡಿಗ್ರಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಎರಡು. ಅಂದರೆ Q ಎಂಬುದು A ಯ 14 ಪಟ್ಟು. 104ನ್ನು 14ರಿಂದ ಭಾಗಿಸಿದರೆ 7.4. ಕೆಳಗೆ 7.4 ಚದರ ಮೀಟರ್, ಮೇಲೆ ಮತ್ತೆ 7.4 ಚದರ ಮೀಟರ್ ಬಯಲು ಬೇಕು.

ಇದು ದೊಡ್ಡ ಅಳತೆ. ಮೇಲೆ ಅಷ್ಟು ಕಿಂಡಿಗೆ ಜಾಗ ಹುಡುಕುವುದೇ ಕಷ್ಟ. ಇಲ್ಲಿ ಬಹಳ ಜನ ಲೆಕ್ಕವನ್ನು ಕೈಬಿಟ್ಟು “ಆಗುವಷ್ಟು ಇಡೋಣ” ಎನ್ನುತ್ತಾರೆ. ನಾನು ಹೇಳುವುದು, ಕೈಬಿಡುವ ಮೊದಲು ಬಿಸಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮಕ್ಕಳನ್ನು ಕಡಿಮೆ ಮಾಡಲಾಗದು. ಚಾವಣಿಯಿಂದ ಇಳಿಯುವ ಒಂದೂವರೆ ಕಿಲೊವಾಟ್ ಮಾತ್ರ ನಮ್ಮ ಕೈಯಲ್ಲಿದೆ. ಸ್ಲ್ಯಾಬಿನ ಮೇಲೆ ಬಿಳಿಯ ಲೇಪ ಹಾಕಿ ಅದನ್ನು ಬಿಳಿಯಾಗಿಯೇ ಉಳಿಸಿಕೊಂಡರೆ, ಇಲ್ಲವೇ ಮೇಲೊಂದು ನೆರಳಿನ ಹೊದಿಕೆ ಕೊಟ್ಟರೆ ಅದು ಅರ್ಧ ಕಿಲೊವಾಟ್‌ಗೆ ಇಳಿಯಬಹುದು. ಆಗ ಒಟ್ಟು ಬಿಸಿ ಮೂರು ಕಿಲೊವಾಟ್, ಬೇಕಾದ ಗಾಳಿ ನಿಮಿಷಕ್ಕೆ 78 ಘನ ಮೀಟರ್, ಕಿಂಡಿ 5.6 ಚದರ ಮೀಟರ್. ಸುಣ್ಣದ ಒಂದು ಬಕೆಟ್ಟು ಕೆಳಗೆ ಹತ್ತಿರ ಹತ್ತಿರ ಎರಡು ಚದರ ಮೀಟರ್, ಮೇಲೆ ಇನ್ನೆರಡು ಚದರ ಮೀಟರ್ ಕಿಂಡಿಯನ್ನು ಉಳಿಸಿತು. ಆದರೆ ಎರಡು ಮಳೆಗಾಲ ಕಳೆದು ಸ್ಲ್ಯಾಬ್ ಪಾಚಿ ಕಟ್ಟಿ ಕಪ್ಪಾದರೆ ಆ ಉಳಿತಾಯ ಹೋಯಿತು. ಹೀಗಾಗಿ ವರ್ಷಕ್ಕೊಮ್ಮೆ ಬಳಿಯುವ ಖರ್ಚೂ ಈ ಲೆಕ್ಕದ ಭಾಗವೇ.

ಎತ್ತರದಿಂದಲೂ ಸ್ವಲ್ಪ ಗಳಿಸಬಹುದು. ಹಳೆಯ ಮಂಗಳೂರು ಹೆಂಚಿನ ಶಾಲೆಗಳಲ್ಲಿ ಮಾಡಿನ ನೆತ್ತಿ ಎತ್ತರದಲ್ಲಿತ್ತು, ಹೆಂಚುಗಳ ಸಂದಿನಲ್ಲಿ ಬಿಸಿ ಗಾಳಿ ತಾನಾಗಿ ಸೋರಿಹೋಗುತ್ತಿತ್ತು. h ನಾಲ್ಕು ಮೀಟರ್ ಆದರೆ ನಮ್ಮ 5.6 ಚದರ ಮೀಟರ್ ನಾಲ್ಕಕ್ಕೆ ಇಳಿಯುತ್ತದೆ. ಸಮತಟ್ಟು ಸ್ಲ್ಯಾಬ್ ಬಂದಾಗ ಆ ಎತ್ತರವೂ ಹೋಯಿತು, ಸಂದುಗಳೂ ಮುಚ್ಚಿದವು. ಆದರೆ ಅದಕ್ಕೆ ಬದಲಾಗಿ ಕಿಂಡಿಯನ್ನು ದೊಡ್ಡದು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ.

ಗೋಡೆಯ ಮೇಲೆ ಹಂಚುವುದು

5.6 ಚದರ ಮೀಟರ್ ಕೆಳಗೆ, 5.6 ಮೇಲೆ. ಇದನ್ನು ಎಲ್ಲಿ ಇಡುವುದು? ಎರಡೂ ಉದ್ದದ ಗೋಡೆಗಳಿಗೆ ಸಮನಾಗಿ ಹಂಚುವುದು ಒಳ್ಳೆಯದು. ನೆಲದಿಂದ ಅರ್ಧ ಮೀಟರ್ ಬಿಟ್ಟು, 1.2 ಮೀಟರ್ ಅಗಲ, 1.1 ಮೀಟರ್ ಎತ್ತರದ ಐದು ಕಿಟಕಿಗಳನ್ನು ಇಡೋಣ. ಒಂದು ಗೋಡೆಗೆ ಮೂರು, ಜಗಲಿಯ ಗೋಡೆಗೆ ಎರಡು. ಅಲ್ಲಿ ಬಾಗಿಲೂ ಇರುವುದರಿಂದ ಕೊರತೆ ತುಂಬುತ್ತದೆ. ಇವು ಸ್ಲೈಡಿಂಗ್ ಅಲ್ಲ, ಪೂರ್ತಿ ತೆರೆಯುವ ಬಾಗಿಲ ಕಿಟಕಿಗಳು. ಒಟ್ಟು 6.6 ಚದರ ಮೀಟರ್. ಕಂಬಿ, ಚೌಕಟ್ಟುಗಳು ನೂರಕ್ಕೆ ಹದಿನೈದು ತಿಂದರೆ ಉಳಿಯುವುದು ಸರಿಯಾಗಿ 5.6. ಮೇಲೆ ಲಿಂಟಲ್ ಮತ್ತು ಬೀಮಿನ ನಡುವೆ, ಎರಡೂ ಗೋಡೆಗಳಲ್ಲಿ 45 ಸೆಂಟಿಮೀಟರ್ ಎತ್ತರದ, ಏಳೇಳು ಮೀಟರ್ ಉದ್ದದ ಗಾಳಿಕಿಂಡಿಯ ಪಟ್ಟಿ. ಒಟ್ಟು 6.3 ಚದರ ಮೀಟರ್, ನಡುವಿನ ಸಣ್ಣ ಕಂಬಗಳನ್ನು ಕಳೆದರೆ 5.6ರ ಆಸುಪಾಸು.

ಈಗ ಗಾಳಿ ಬೀಸುವ ಹೊತ್ತಿನ ಪರೀಕ್ಷೆ. ಗಾಳಿಗೆ ಎದುರಾದ ಗೋಡೆಯಲ್ಲಿ ಕೆಳಗಿನದರ ಅರ್ಧ, ಮೇಲಿನದರ ಅರ್ಧ ಸೇರಿ ಮತ್ತೆ 5.6 ಚದರ ಮೀಟರ್ ಬಾಯಿ ಇದೆ. ಎದುರು ಗೋಡೆಯಲ್ಲೂ ಅಷ್ಟೇ. ವೇಗ ಎಷ್ಟು ಹಿಡಿಯಬೇಕು? ಹವಾಮಾನ ಕೇಂದ್ರಗಳು ಅಳೆಯುವುದು ತೆರೆದ ಬಯಲಿನಲ್ಲಿ, 10 ಮೀಟರ್ ಎತ್ತರದಲ್ಲಿ. ಮನೆ, ತೋಟಗಳ ನಡುವಿನ ಒಂದಂತಸ್ತಿನ ಶಾಲೆಗೆ ತಲುಪುವುದು ಅದರ ಅರ್ಧ. ಕೇಂದ್ರದ ಲೆಕ್ಕ ಸೆಕೆಂಡಿಗೆ 2 ಮೀಟರ್ ಇದ್ದರೆ ನಾವು 1 ಮೀಟರ್, ಅಂದರೆ ನಿಮಿಷಕ್ಕೆ 60 ಮೀಟರ್ ಹಿಡಿಯಬೇಕು. 0.3, 5.6, 60 ಮೂರನ್ನೂ ಗುಣಿಸಿದರೆ ನಿಮಿಷಕ್ಕೆ 100 ಘನ ಮೀಟರ್. ಬೇಕಾದ 78ಕ್ಕಿಂತ ಹೆಚ್ಚೇ ಬಂತು. ಎರಡೂ ಬಲ ಒಟ್ಟಿಗೆ ಇರುವಾಗ 78ನ್ನೂ 100ನ್ನೂ ಕೂಡಿಸಬಾರದು. ಕೂಡುವುದು ಒತ್ತಡಗಳು, ಹರಿವು ಅವುಗಳ ಮೊತ್ತದ ವರ್ಗಮೂಲದಂತೆ ಹೋಗುತ್ತದೆ. ಎರಡರಲ್ಲಿ ದೊಡ್ಡದಕ್ಕಿಂತ ಸ್ವಲ್ಪ ಹೆಚ್ಚು ಎಂದುಕೊಂಡರೆ ಸಾಕು.

ಮೇಲಿನದು, ಕೆಳಗಿನದು ಎರಡೂ ಸೇರಿ ನಮ್ಮ ಕಿಂಡಿ 11.2 ಚದರ ಮೀಟರ್, ಅಂದರೆ ನೆಲದ ವಿಸ್ತೀರ್ಣದ ನೂರಕ್ಕೆ 23. ಕಿಂಡಿಗಳ ಒಟ್ಟು ವಿಸ್ತೀರ್ಣ ನೆಲದ ನೂರಕ್ಕೆ 20ರಿಂದ 30 ಇದ್ದಾಗ ಒಳಗಿನ ಗಾಳಿಯ ಸರಾಸರಿ ವೇಗ ಹೊರಗಿನದರ ನೂರಕ್ಕೆ 30ರಷ್ಟಿರುತ್ತದೆ, ಎಷ್ಟೇ ದೊಡ್ಡದು ಮಾಡಿದರೂ 40 ಮೀರುವುದಿಲ್ಲ ಎಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೇರೆ ದಾರಿಯಲ್ಲಿ ಹೊರಟ ನಮ್ಮ ಲೆಕ್ಕವೂ ಅದೇ ಅಳತೆಗೆ ಬಂದು ನಿಂತಿತು.

ಲೆಕ್ಕ ಎಲ್ಲಿ ಕೆಡುತ್ತದೆ

ಕಾಗದದ ಮೇಲಿನ ಕಿಂಡಿ ಕಟ್ಟಡದಲ್ಲಿ ಮಾಯವಾಗುವುದು ಹೆಚ್ಚಾಗಿ ಮೇಲುಭಾಗದಲ್ಲಿ. ಮಳೆ ಬಡಿಯುತ್ತದೆ, ಪಾರಿವಾಳ ಬರುತ್ತದೆ ಎಂದು ಮೇಲಿನ ಪಟ್ಟಿಗೆ ಸಿಮೆಂಟ್ ಜಾಲಿ ಕೂರಿಸುತ್ತಾರೆ. ಜಾಲಿಯಲ್ಲಿ ಬಯಲು ಅರ್ಧದಷ್ಟು ಇದ್ದರೆ ಹೆಚ್ಚು. ಕೆಳಗೆ 5.6, ಮೇಲೆ 2.8 ಆದಾಗ ಗಾಳಿ ಎಷ್ಟಾಗುತ್ತದೆ? ಅಗಲವಾದ ಪೈಪಿನ ತುದಿಗೆ ಸಣ್ಣ ನಲ್ಲಿ ಜೋಡಿಸಿದ ಹಾಗೆ, ಹರಿವನ್ನು ಆಳುವುದು ಚಿಕ್ಕ ಬಾಯಿ. ಅಷ್ಟೇ ಉಷ್ಣತೆಯ ವ್ಯತ್ಯಾಸಕ್ಕೆ ಹರಿವು ನೂರಕ್ಕೆ 63ಕ್ಕೆ ಇಳಿಯುತ್ತದೆ. ಅದನ್ನು ಸರಿಪಡಿಸಲು ಕೆಳಗಿನ ಕಿಟಕಿಯನ್ನು ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನ ಅಲ್ಪ. ಎರಡೂ ಸಮನಾಗಿರುವಾಗ ಒಂದನ್ನು ಮಾತ್ರ ಇಮ್ಮಡಿ ಮಾಡಿದರೆ ಹರಿವು ಹೆಚ್ಚುವುದು ಕಾಲುಭಾಗ. ಜಾಲಿಯ ಬದಲು ಹೊರಗೆ ಅಗಲವಾದ ಚಜ್ಜಾ ಕೊಟ್ಟು, ಕಿಂಡಿಗೆ ಬರೀ ಅಗಲ ಕಣ್ಣಿನ ತಂತಿಬಲೆ ಹಾಕಿದರೆ ಮಳೆಯೂ ತಡೆಯುತ್ತದೆ, ಹಕ್ಕಿಯೂ ತಡೆಯುತ್ತದೆ, ಬಾಯಿಯೂ ಉಳಿಯುತ್ತದೆ.

ಸೊಳ್ಳೆ ಪರದೆಯ ಸಂಗತಿ ಇನ್ನೂ ಕಠಿಣ, ಏಕೆಂದರೆ ಕರಾವಳಿಯಲ್ಲಿ ಮಲೇರಿಯಾ, ಡೆಂಗಿಯನ್ನು ಹಗುರವಾಗಿ ನೋಡಲಾಗದು. ಸಣ್ಣ ಕಣ್ಣಿನ ಪರದೆ ಮೆಲ್ಲಗೆ ಹರಿಯುವ ಗಾಳಿಯನ್ನು ಹೆಚ್ಚು ತಡೆಯುತ್ತದೆ. ಧೂಳು ಹಿಡಿದರೆ ಇನ್ನಷ್ಟು. ಅದರಿಂದ ಕಿಂಡಿಯ ಪರಿಣಾಮ ಅರ್ಧವಾಯಿತು ಎಂದುಕೊಳ್ಳಿ. ಕೋಣೆಯ ಏರಿಕೆ ಎರಡರಿಂದ ನಾಲ್ಕು ಡಿಗ್ರಿಗೆ ಹೋಗುವುದಿಲ್ಲ, ಮೂರು ಚಿಲ್ಲರೆಗೆ ನಿಲ್ಲುತ್ತದೆ. ಕೋಣೆ ಬಿಸಿಯಾದಷ್ಟೂ ತಳ್ಳುವ ಬಲ ಹೆಚ್ಚುವುದೇ ಇದಕ್ಕೆ ಕಾರಣ. ಪರದೆ ಬೇಕೇ ಬೇಕು ಎಂದಾದರೆ ಆ ನಷ್ಟವನ್ನು ಮೊದಲೇ ಹಿಡಿದು ಚೌಕಟ್ಟನ್ನು ದೊಡ್ಡದು ಮಾಡಬೇಕು. ಕಟ್ಟಿ ಮುಗಿದ ಮೇಲೆ ಹಾಕುವ ಪರದೆ ಲೆಕ್ಕವನ್ನು ಕೆಡಿಸುತ್ತದೆ.

ಫ್ಯಾನಿನ ಬಗ್ಗೆಯೂ ಒಂದು ಮಾತು. ಸೀಲಿಂಗ್ ಫ್ಯಾನ್ ಬೆವರನ್ನು ಆರಿಸಿ ಹಿತ ಕೊಡುತ್ತದೆ, ಕರಾವಳಿಯ ತೇವದಲ್ಲಿ ಅದು ಬೇಕು. ಆದರೆ ಅದು ಹೊರಗಿನಿಂದ ಒಂದು ಲೀಟರ್ ಗಾಳಿಯನ್ನೂ ತರುವುದಿಲ್ಲ. ಮೇಲೆ ಸೇರಿ ಹೊರಡಲು ಸಿದ್ಧವಾದ ಬಿಸಿಯನ್ನು ಕೆಳಗೆ ಬೆರೆಸಲೂಬಹುದು. ಫ್ಯಾನ್ ಇದೆ ಎಂದು ಕಿಂಡಿ ಕಡಿಮೆ ಮಾಡುವುದು ಸಲ್ಲದು.

ಈ ಲೆಕ್ಕಕ್ಕೆ ಒಂದು ಗಡಿಯೂ ಇದೆ. ಇದು ಹೊರಗಿನ ಗಾಳಿ ಮೈಗಿಂತ ತಂಪಾಗಿರುವ ಊರಿನ ಲೆಕ್ಕ. ಕಲಬುರಗಿ, ರಾಯಚೂರಿನ ಕಡುಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಇರುವಾಗ ಕಿಟಕಿ ಹಾರುಹೊಡೆದರೆ ಸೆಕೆಯನ್ನು ಕರೆದು ಕೂರಿಸಿದಂತೆ. ಅಲ್ಲಿ ಹಗಲು ಉಸಿರಿಗೆ ಬೇಕಾದ 20 ಘನ ಮೀಟರ್ ಮಾತ್ರ ಬಿಟ್ಟು, ರಾತ್ರಿಯಲ್ಲಿ ಪೂರ್ತಿ ತೆರೆದು ಗೋಡೆಗಳನ್ನು ತಣಿಸಬೇಕು. ಕಿಂಡಿಯ ಅಳತೆ ಅಲ್ಲಿಯೂ ದೊಡ್ಡದೇ, ತೆರೆಯುವ ಹೊತ್ತು ಬೇರೆ.

ಕಟ್ಟಿದ ಮೇಲೆ ನೋಡುವುದು ಹೇಗೆ

ಲೆಕ್ಕ ಫಲಿಸಿತೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ತರಗತಿ ತುಂಬಿರುವಾಗ, ಹೊರಗೆ ಎಲೆ ಅಲ್ಲಾಡದ ಹೊತ್ತಿಗೆ, ಒಂದು ಊದುಬತ್ತಿ ಹಚ್ಚಿ ಕೆಳಗಿನ ಕಿಟಕಿಯ ಹತ್ತಿರ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಬೇಕು. ಉದ್ದ ಕೋಲಿಗೆ ಕಟ್ಟಿ ಮೇಲಿನ ಕಿಂಡಿಯ ಬಳಿ ಹಿಡಿದರೆ ಹೊರಕ್ಕೆ ಎಳೆದುಕೊಳ್ಳಬೇಕು. ಮೇಲೆ ಹೊಗೆ ಸುಮ್ಮನೆ ಸುತ್ತುತ್ತಿದ್ದರೆ ಮೇಲಿನ ಬಾಯಿ ಸಾಲದು ಅಥವಾ ಯಾರೋ ಮುಚ್ಚಿದ್ದಾರೆ. ಆಮೇಲೆ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಒಂದು ಒಳಗೆ ಮಕ್ಕಳು ಕೂರುವ ಎತ್ತರದಲ್ಲಿ, ಇನ್ನೊಂದು ಹೊರಗೆ ನೆರಳಿನಲ್ಲಿ ಇಟ್ಟು ಕಾಲು ಗಂಟೆ ಬಿಟ್ಟು ಓದಿ. ವ್ಯತ್ಯಾಸ ಎರಡು ಡಿಗ್ರಿಯ ಸುತ್ತ ಇದ್ದರೆ ಕೋಣೆ ಹೇಳಿದ ಹಾಗೆ ಕೆಲಸ ಮಾಡುತ್ತಿದೆ. ನಾಲ್ಕು ದಾಟಿದರೆ ಮೊದಲು ಚಾವಣಿಯ ಬಣ್ಣ ನೋಡಿ, ಆಮೇಲೆ ಮೇಲಿನ ಕಿಂಡಿ, ಕೊನೆಗೆ ಪರದೆಯ ಧೂಳು.

ನಿಮ್ಮೂರ ಶಾಲೆಗೆ ಹೊಸ ಕೊಠಡಿ ಮಂಜೂರಾದರೆ ಎಸ್‌ಡಿಎಂಸಿ ಸಭೆಯಲ್ಲಿ ನಕ್ಷೆ ಬಿಡಿಸಿದ ಎಂಜಿನಿಯರರನ್ನು ಮೂರು ಅಂಕಿ ಕೇಳಿ. ಕಿಟಕಿಗಳನ್ನು ಪೂರ್ತಿ ತೆರೆದಾಗ ಕೆಳಗಿನ ಬಯಲು ಎಷ್ಟು ಚದರ ಮೀಟರ್, ಮೇಲಿನ ಬಯಲು ಎಷ್ಟು, ಎರಡರ ನಡುವಿನ ಎತ್ತರ ಎಷ್ಟು. ಆ ಮೂರನ್ನೂ ಮೇಲಿನ ಸೂತ್ರದಲ್ಲಿ ಹಾಕಿದರೆ ಗಾಳಿ ನಿಂತ ಹೊತ್ತಿಗೆ ಆ ಕೋಣೆ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ತಳಪಾಯ ಅಗೆಯುವ ಮೊದಲೇ ಗೊತ್ತಾಗುತ್ತದೆ. ನಕ್ಷೆಯ ಮೇಲೆ ಕಿಂಡಿಯನ್ನು ಒಂದು ಚದರ ಮೀಟರ್ ಹಿಗ್ಗಿಸಲು ಪೆನ್ಸಿಲ್ ಸಾಕು. ಗೋಡೆ ಎದ್ದ ಮೇಲೆ ಅದಕ್ಕೆ ಲಿಂಟಲ್ ಒಡೆಯಬೇಕಾಗುತ್ತದೆ.